ಮೊದಲು ಗಡಿಯಾರ, ಆಮೇಲೆ ಎ ಬಿ ಸಿ ಡಿ ಇ

ಪ್ರಶ್ನೆ: ಕ್ಯಾಶುವಲ್ಟಿಯಲ್ಲಿ ಇಂಟರ್ನ್ ಆಗಿದ್ದೇನೆ. ಅಪಘಾತದ ರೋಗಿ ಬಂದಾಗ ಗಡಿಬಿಡಿಯಲ್ಲಿ ಗೀಚಿಕೊಂಡದ್ದನ್ನು ಆಮೇಲೆ ಎ ಬಿ ಸಿ ಡಿ ಇ ಕ್ರಮದಲ್ಲಿ ಬರೆಯಲು ಒಳ್ಳೆಯ ನಮೂನೆ ಯಾವುದು?

ನಮೂನೆ ಹುಡುಕಬೇಡಿ. ನನ್ನ ಬಳಿ ಅಚ್ಚುಕಟ್ಟಾದ ನಮೂನೆಯೇ ಇತ್ತು, ತಪ್ಪು ನಡೆದದ್ದು ಅದರೊಳಗೇ.

ಪುಣೆಯ ಒಂದು ಆಸ್ಪತ್ರೆಯಲ್ಲಿ ನಾನು ರೆಸಿಡೆಂಟ್ ಆಗಿದ್ದೆ. ರಾತ್ರಿ 10:40ಕ್ಕೆ ಇಂಡಿ ಕಡೆಯ ಒಬ್ಬ ಹುಡುಗನನ್ನು ತಂದರು. ಕಟ್ಟಡದ ಕೆಲಸಗಾರ, ಬೈಕಿಗೆ ಟೆಂಪೋ ಗುದ್ದಿತ್ತು. ಬಲ ಎದೆಯಲ್ಲಿ ಉಸಿರಿನ ಸದ್ದೇ ಇರಲಿಲ್ಲ. ಆಮ್ಲಜನಕ 82, ಬಿಪಿ 84/50, ನಾಡಿ 138. ಎದೆಯೊಳಗೆ ಗಾಳಿ ಸಿಕ್ಕಿಕೊಂಡು ಹೃದಯವನ್ನು ಒತ್ತುತ್ತಿತ್ತು. 10:44ಕ್ಕೆ ಬಲ ಪಕ್ಕೆಯ ಐದನೇ ಸಂದಿನಲ್ಲಿ, ಕಂಕುಳಿನ ನಡುಗೆರೆಗೆ ತುಸು ಮುಂದೆ ಸೂಜಿ ಹಾಕಿದೆವು. ಮೂರು ನಿಮಿಷದಲ್ಲಿ ಬಿಪಿ 108ಕ್ಕೆ ಏರಿತು. ಆಮೇಲೆ ಎದೆಗೆ ಟ್ಯೂಬ್ ಹಾಕಿದೆವು. ಜಜ್ಜಿದ ಶ್ವಾಸಕೋಶದಿಂದ ಆಮ್ಲಜನಕ ಮತ್ತೆ ಇಳಿಯತೊಡಗಿದಾಗ, 11:05ಕ್ಕೆ ಕೆಟಮಿನ್ ಮತ್ತು ರೊಕುರೋನಿಯಂ ಕೊಟ್ಟು ಉಸಿರುನಾಳಕ್ಕೂ ಟ್ಯೂಬ್ ಹಾಕಿದೆವು. ಇದನ್ನೆಲ್ಲ ನಾನು ಗ್ಲೌಸ್ ಡಬ್ಬಿಯ ರಟ್ಟಿನ ಮೇಲೆ ಗೀಚಿಕೊಂಡಿದ್ದೆ.

ಸೂಜಿ ಹಾಕುವ ಮೊದಲು ಆ ಹುಡುಗ ನನ್ನನ್ನು ಕೇಳುತ್ತಿದ್ದ: "ಇಂಡಿ ಬಸ್ಸು ಹೋಯಿತೇನು?" ಮತ್ತೆ ಮತ್ತೆ ಅದೇ ಪ್ರಶ್ನೆ. ಕೈ ಎತ್ತು ಎಂದರೆ ಎತ್ತಿದ. ಕಣ್ಣು ಕರೆದಾಗ ತೆರೆಯುತ್ತಿದ್ದ. ಅಂದರೆ ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ ಕಣ್ಣಿಗೆ 3, ಗೊಂದಲದ ಮಾತಿಗೆ 4, ಚಲನೆಗೆ 6, ಒಟ್ಟು 13. ಆ ಕೋಣೆಯಲ್ಲಿ ಕನ್ನಡ ತಿಳಿದವನು ನಾನೊಬ್ಬನೇ. ಉಳಿದವರಿಗೆ ಅದು ಬರೀ ನರಳಾಟವಾಗಿ ಕೇಳಿಸಿತ್ತು. ರಟ್ಟಿನಲ್ಲಿ "ಬಸ್ಸು" ಎಂದಷ್ಟೇ ಗೀಚಿದ್ದೆ, ಅಂಕ ಬರೆದಿರಲಿಲ್ಲ.

11:20ಕ್ಕೆ ಕೇಸ್ ಪೇಪರ್ ಬರೆಯಲು ಕೂತೆ. ಎ, ಬಿ, ಸಿ, ಅಂದರೆ ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರ ತುಂಬಿದೆ. ಪ್ರಜ್ಞೆಯ ಸ್ಥಿತಿ ಬರೆಯುವ ಡಿ ಬಂದಾಗ ತಲೆಯೆತ್ತಿ ರೋಗಿಯನ್ನು ನೋಡಿ, ಗ್ಲಾಸ್ಗೋ ಅಂಕದ ಮೂರು ಭಾಗಕ್ಕೂ ಒಂದೊಂದರಂತೆ "ಜಿಸಿಎಸ್ 3" ಎಂದು ಬರೆದೆ. ಸ್ನಾಯು ಸಡಿಲಿಸುವ ಔಷಧದಿಂದ ಮಲಗಿರುವವನಿಗೆ 3 ಅಲ್ಲದೆ ಇನ್ನೇನು ಬರುತ್ತದೆ? ಮೇಲಿನ ಸಾಲಿನ ಬಿಪಿ 10:40ರದು, ಕೆಳಗಿನ ಅಂಕ 11:20ರದು. ನಡುವೆ ಔಷಧ ಬಿದ್ದಿದೆ, ಆದರೆ ಕಾಗದದಲ್ಲಿ ಎರಡೂ ಒಂದೇ ಗಳಿಗೆಯ ಸಂಗತಿಗಳಂತೆ ನಿಂತಿದ್ದವು.

ಸಿಟಿಯಲ್ಲಿ ಮೆದುಳಿನ ಬಲಗಡೆ ತೆಳುವಾದ ರಕ್ತದ ಪದರ ಕಂಡಿತು, ಗಮನಿಸುತ್ತಿರಿ ಎಂದರು. ಮೂರು ಗಂಟೆಗೆ ಐಸಿಯುವಿನಲ್ಲಿ ನಿದ್ರೆಯ ಔಷಧ ನಿಲ್ಲಿಸಿ ನೋಡಿದಾಗ, ನೋವು ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಂಡ. ಚಲನೆಗೆ 4. ನನ್ನ ಬರಹದ ಪ್ರಕಾರ ಚಲನೆ 1ರಿಂದ 4ಕ್ಕೆ ಏರಿತ್ತು. ರಾತ್ರಿಯ ವೈದ್ಯರು "ಸುಧಾರಣೆ" ಎಂದು ಬರೆದರು. ನಿಜದಲ್ಲಿ 6ರಿಂದ 4ಕ್ಕೆ ಇಳಿದಿತ್ತು. ಔಷಧದ ಮಂಪರು ಸ್ವಲ್ಪ ಉಳಿದಿರಬಹುದು, ಆದರೂ 6 ಎಂದು ಓದಿದ್ದರೆ ಅವರು ಆಗಲೇ ಎರಡನೇ ಸಿಟಿ ಮಾಡಿಸುತ್ತಿದ್ದರು. ಐದೂವರೆಗೆ ಬಲಗಣ್ಣಿನ ಪಾಪೆ ಹಿಗ್ಗಿದಾಗಲೇ ಮಾಡಿಸಿದ್ದು. ಶಸ್ತ್ರಚಿಕಿತ್ಸೆಯಾಯಿತು, ಹುಡುಗ ಬದುಕಿದ. ಮನೆಗೆ ಹೋಗುವಾಗ ಅವನ ಎಡಗೈಗೆ ಲೋಟ ಹಿಡಿಯುವ ಬಲವಿರಲಿಲ್ಲ. ಆ ಎರಡೂವರೆ ಗಂಟೆ ನನ್ನ ಬರಹ ತಿಂದದ್ದು.

ಆದ್ದರಿಂದ ಗೀಚಿದ್ದನ್ನು ನೇರವಾಗಿ ಅಕ್ಷರಗಳ ಕೆಳಗೆ ಹಂಚಬೇಡಿ. ಮೊದಲು ಎಲ್ಲವನ್ನೂ ಗಂಟೆಯ ಕ್ರಮದಲ್ಲಿ ಒಂದು ಪಟ್ಟಿಯಾಗಿ ಇಳಿಸಿ. ಮಾನಿಟರಿನ ಗಡಿಯಾರವೊಂದನ್ನೇ ನಂಬಿ, ಗೋಡೆಯದು, ಮೊಬೈಲಿನದು ಬೆರೆಸಬೇಡಿ. ಪ್ರತಿ ಚಿಕಿತ್ಸೆಯ ಹತ್ತಿರ ಒಂದು ಅಡ್ಡಗೆರೆ ಎಳೆಯಿರಿ: ಸೂಜಿ, ಟ್ಯೂಬ್, ಔಷಧ. ಆಮೇಲೆ ಪ್ರತಿ ಅಕ್ಷರಕ್ಕೂ ಕಂಡದ್ದು, ಮಾಡಿದ್ದು, ಮತ್ತೆ ಕಂಡದ್ದು ಎಂದು ಬರೆಯಿರಿ. ನನ್ನ ಡಿ ಹೀಗಿರಬೇಕಿತ್ತು: "10:43, ಕಣ್ಣು 3, ಮಾತು 4 (ಕನ್ನಡದಲ್ಲಿ ಬಸ್ಸಿನ ಬಗ್ಗೆ ಪದೇ ಪದೇ ಕೇಳುತ್ತಾನೆ), ಚಲನೆ 6, ಪಾಪೆ ಎರಡೂ 3 ಮಿ.ಮೀ., ಬೆಳಕಿಗೆ ಕುಗ್ಗುತ್ತವೆ. 11:05 ಔಷಧ, ಟ್ಯೂಬ್. 11:20 ಅಂಕ ಪರೀಕ್ಷಿಸಲಾಗದು, ಪಾಪೆ ಸಮ." ಪರೀಕ್ಷಿಸಲಾಗದ್ದಕ್ಕೆ 1 ಕೊಡಬೇಡಿ, NT ಎಂದು ಬರೆಯಿರಿ. ನೋಡದೇ ಇದ್ದದ್ದನ್ನು "ನೋಡಿಲ್ಲ" ಎಂದೇ ಬರೆಯಿರಿ. ರೋಗಿಯನ್ನು ಹೊರಳಿಸಿ ಬೆನ್ನು ನೋಡದೆ, ಮೈಯೆಲ್ಲ ಪರೀಕ್ಷಿಸಿ ಬರೆಯಬೇಕಾದ ಇ ಕೆಳಗೆ "ನಾರ್ಮಲ್" ಎಂದು ಬರೆಯುವವರನ್ನು ನಾನು ದಿನವೂ ನೋಡುತ್ತೇನೆ, ಸಿಟ್ಟು ಬರುತ್ತದೆ.

ನೆನಪಿನಿಂದ ತುಂಬಿದ ಸಾಲಿಗೆ, ಬರೆದ ಹೊತ್ತನ್ನೂ ಹಾಕಿ. ರಟ್ಟನ್ನು ಎಸೆಯಬೇಡಿ. ಅಪಘಾತ ಎಂದರೆ ಎಂಎಲ್‌ಸಿ, ಕಾನೂನಿಗೆ ಸೇರಿದ ಪ್ರಕರಣ, ರಟ್ಟನ್ನೂ ಫೈಲಿಗೆ ಪಿನ್ ಮಾಡಿ. ನನ್ನ ರಟ್ಟನ್ನು ಆ ರಾತ್ರಿಯೇ ಕಸದ ಬುಟ್ಟಿಗೆ ಹಾಕಿದ್ದೆ. ಬೆಳಿಗ್ಗೆ ನರಶಸ್ತ್ರಚಿಕಿತ್ಸಕರು "ಬಂದಾಗ ಮಾತಾಡುತ್ತಿದ್ದನೇ?" ಎಂದು ಕೇಳಿದಾಗ, "ಬಸ್ಸು" ಎಂದು ಬರೆದಿದ್ದ ಆ ತುಂಡನ್ನು ಹುಡುಕಲು ಹೋದೆ. ಬುಟ್ಟಿ ಆಗಲೇ ಖಾಲಿಯಾಗಿತ್ತು.