ಕೌಂಟಿಂಗ್ ಸಾರ್ಟ್‌ನ ಕೊನೆಯ ಲೂಪ್ ಹಿಂದಿನಿಂದ ಯಾಕೆ?

ಪ್ರಶ್ನೆ: ಪರೀಕ್ಷೆಗೆ ಕೌಂಟಿಂಗ್ ಸಾರ್ಟ್, ರೇಡಿಕ್ಸ್ ಸಾರ್ಟ್ ಓದ್ತಾ ಇದೀನಿ. ಕೌಂಟಿಂಗ್ ಸಾರ್ಟ್‌ನ ಕೊನೆಯ ಲೂಪನ್ನು ಮುಂದಿನಿಂದ ಓಡಿಸಿದರೂ ಉತ್ತರ ಸರಿಯಾಗೇ ಬಂತು. ಮತ್ತೆ ಸ್ಟೇಬಲ್ ಆಗಿರಬೇಕು ಅಂತ ಯಾಕೆ ಅಷ್ಟು ಒತ್ತಿ ಹೇಳ್ತಾರೆ?

ನೀವು ಬರೀ ಸಂಖ್ಯೆಗಳನ್ನು ಕೊಟ್ಟಿರುತ್ತೀರಿ, ಅದಕ್ಕೇ ವ್ಯತ್ಯಾಸ ಕಾಣಲಿಲ್ಲ. ಎರಡು 5 ಇದ್ದರೆ ಯಾವುದು ಮೊದಲು ಬಂದರೂ ನೋಡೋಕೆ ಒಂದೇ ಅಲ್ವಾ? ಅದೇ ಕೋಡನ್ನು ರೇಡಿಕ್ಸ್ ಸಾರ್ಟ್ ಒಳಗೆ ಹಾಕಿ, ತಪ್ಪು ತಕ್ಷಣ ಹೊರಗೆ ಬರುತ್ತದೆ.

42, 17, 45, 12 ತಗೊಳ್ಳಿ. ಬಿಡಿ ಸ್ಥಾನದ ಅಂಕಿ ನೋಡಿ ಜೋಡಿಸಿದರೆ 42, 12, 45, 17 ಆಗುತ್ತದೆ. ಇನ್ನು ಹತ್ತರ ಸ್ಥಾನ. ಅಲ್ಲಿ 1 ಎರಡು ಸಲ, 4 ಎರಡು ಸಲ ಇದೆ. ಎಣಿಕೆಗಳನ್ನು ಕೂಡಿಸುತ್ತಾ ಹೋದರೆ `c[1]` ಅಲ್ಲಿ 2, `c[4]` ಅಲ್ಲಿ 4 ಬರುತ್ತದೆ. ಇವು ಹೇಳೋದು ಆಯಾ ಗುಂಪು ಎಲ್ಲಿಗೆ ಮುಗಿಯುತ್ತದೆ ಅಂತ. ಆಮೇಲೆ ಈ ಲೂಪ್:

```
for i in range(n-1, -1, -1):
    d = (a[i] // 10) % 10
    c[d] -= 1
    b[c[d]] = a[i]
```

ಪ್ರತಿ ಗುಂಪೂ ಕೊನೆಯಿಂದ ತುಂಬುತ್ತಾ ಬರುತ್ತದೆ. ಹಾಗಾಗಿ ಸಂಖ್ಯೆಗಳನ್ನೂ ಕೊನೆಯಿಂದಲೇ ಎತ್ತಿಕೊಳ್ಳಬೇಕು. 17 ಇಂಡೆಕ್ಸ್ 1ಕ್ಕೆ, 45 ಇಂಡೆಕ್ಸ್ 3ಕ್ಕೆ, 12 ಇಂಡೆಕ್ಸ್ 0ಗೆ, 42 ಇಂಡೆಕ್ಸ್ 2ಕ್ಕೆ. ಸಿಗೋದು 12, 17, 42, 45.

ಈಗ ಮುಂದಿನಿಂದ ಓಡಿಸಿ. 42 ಮೊದಲು ಬಂದು ಇಂಡೆಕ್ಸ್ 3 ಹಿಡಿಯುತ್ತದೆ, ಆಮೇಲೆ ಬಂದ 45ಕ್ಕೆ ಉಳಿಯೋದು 2. ಉತ್ತರ 17, 12, 45, 42. ಹತ್ತರ ಅಂಕಿಗಳು ಸರಿಯಾಗೇ ಇವೆ, ಗುಂಪಿನ ಒಳಗೆ ಮಾತ್ರ ಎಲ್ಲಾ ತಿರುವು ಮುರುವು. 12 ಮತ್ತು 17ಕ್ಕೆ ಹತ್ತರ ಅಂಕಿ ಒಂದೇ. ಅವುಗಳಲ್ಲಿ ಯಾವುದು ಚಿಕ್ಕದು ಅನ್ನೋ ವಿಷಯ ಹಿಂದಿನ ಸುತ್ತು ಬಿಟ್ಟುಹೋದ ಕ್ರಮದಲ್ಲಿ ಮಾತ್ರ ಇತ್ತು. ಸ್ಟೇಬಲ್ ಅಲ್ಲದ ಸಾರ್ಟ್ ಅದನ್ನೇ ಅಳಿಸಿಬಿಟ್ಟಿತು.

ಹಾಗಂತ "ಯಾವಾಗಲೂ ಹಿಂದಿನಿಂದ" ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಕೆಲವು ಕೋಡ್‌ಗಳಲ್ಲಿ `c[d]` ಗುಂಪು ಶುರುವಾಗುವ ಜಾಗ ಹೇಳುತ್ತದೆ, ಸಂಖ್ಯೆ ಇಟ್ಟಮೇಲೆ ಒಂದು ಹೆಚ್ಚಾಗುತ್ತದೆ. ಅಲ್ಲಿ ಮುಂದಿನಿಂದ ಓಡಿಸಿದರೇ ಸ್ಟೇಬಲ್. ಪರೀಕ್ಷೆಯಲ್ಲಿ ಕೋಡ್ ಕೊಟ್ಟು ಸ್ಟೇಬಲ್ಲಾ ಅಂತ ಕೇಳಿದರೆ, ಮೊದಲು `c` ಏನನ್ನು ಹೇಳುತ್ತಿದೆ ಅಂತ ನೋಡಿ.

ಇನ್ನೊಂದು ಪ್ರಶ್ನೆ ಜಾಸ್ತಿ ಬರುತ್ತದೆ: 0ಯಿಂದ n² − 1ರ ಒಳಗಿನ n ಸಂಖ್ಯೆಗಳನ್ನು O(n)ನಲ್ಲಿ ಜೋಡಿಸಿ. ನೇರವಾಗಿ ಕೌಂಟಿಂಗ್ ಸಾರ್ಟ್ ಮಾಡಿದರೆ `c`ಗೆ n² ಮನೆ ಬೇಕು. n 1000 ಆದರೆ ಹತ್ತು ಲಕ್ಷ ಮನೆ, ಅದರಲ್ಲಿ ಬಹುಪಾಲು ಖಾಲಿ. ಬದಲಿಗೆ ಪ್ರತಿ ಸಂಖ್ಯೆಯನ್ನೂ ಬೇಸ್ nನಲ್ಲಿ ನೋಡಿ, ಎರಡೇ ಅಂಕಿ: `x % n` ಮತ್ತು `x // n`. ಮೊದಲು `x % n` ಮೇಲೆ, ಆಮೇಲೆ `x // n` ಮೇಲೆ ಕೌಂಟಿಂಗ್ ಸಾರ್ಟ್. ಎರಡು ಸುತ್ತು, ಸುತ್ತಿಗೆ n ಮನೆ, ಒಟ್ಟು O(n). ಎರಡನೇ ಸುತ್ತು ಸ್ಟೇಬಲ್ ಆಗಿರಲೇಬೇಕು ಅಂತ ಉತ್ತರದಲ್ಲಿ ಬರೆಯಿರಿ, ಅದಿಲ್ಲದೆ ಉತ್ತರ ಪೂರ್ತಿಯಾಗುವುದಿಲ್ಲ.