ಸಪ್ಲೈಯರ್ ಸ್ಟೇಟ್‌ಮೆಂಟ್‌ಗೂ ನಮ್ಮ ಲೆಡ್ಜರ್‌ಗೂ ತಾಳೆ ಆಗದಿದ್ದರೆ

ಪ್ರಶ್ನೆ: ಸಪ್ಲೈಯರ್ ಮಾರ್ಚ್ 31ರ ಸ್ಟೇಟ್‌ಮೆಂಟ್ ಕಳಿಸಿದ್ದಾರೆ. ಅವರು ಹೇಳುವ ಬಾಕಿ ನಮ್ಮ ಟ್ಯಾಲಿಗಿಂತ ಜಾಸ್ತಿ ಇದೆ. ಎಲ್ಲಿಂದ ಹುಡುಕಲಿ?

ಕ್ಲೋಸಿಂಗ್ ಬ್ಯಾಲೆನ್ಸ್ ಸದ್ಯಕ್ಕೆ ಬಿಡಿ. ಎರಡೂ ಕಡೆ ಬಾಕಿ ಒಂದೇ ಇದ್ದ ಕೊನೆಯ ತಾರೀಖು ಹುಡುಕಿ. ಓಪನಿಂಗ್ ಬ್ಯಾಲೆನ್ಸೇ ಬೇರೆ ಇದ್ದರೆ ಹಿಂದಿನ ವರ್ಷಕ್ಕೇ ಹೋಗಬೇಕು. ಅಲ್ಲಿಂದ ಮುಂದಕ್ಕೆ ಅವರ ಬಿಲ್ ನಂಬರ್ ನೋಡಿ ಟಿಕ್ ಮಾಡುತ್ತಾ ಬನ್ನಿ. ಬರೀ ಮೊತ್ತ ನೋಡಿ ಟಿಕ್ ಮಾಡಿದರೆ, ಒಂದೇ ಮೊತ್ತದ ಎರಡು ಬಿಲ್ ಇದ್ದಾಗ ಒಂದು ಕಣ್ತಪ್ಪುತ್ತದೆ.

ನಮಗೆ ಪೌಡರ್ ಕೋಟಿಂಗ್ ಮಾಡಿಕೊಡುವ ಪಾರ್ಟಿಯ ಲೆಕ್ಕ ಹೇಳುತ್ತೇನೆ. ಅವರಲ್ಲಿ 4,86,000, ನಮ್ಮಲ್ಲಿ 4,12,700. ವ್ಯತ್ಯಾಸ 73,300. ಟಿಕ್ ಮಾಡಿ ಮುಗಿಸಿದಾಗ ಮೂರೇ ಸಾಲು ಉಳಿದವು.

ಮೊದಲನೆಯದು 59,000ದ ಬಿಲ್, ಜಿಎಸ್‌ಟಿ 9,000 ಸೇರಿ. ತಾರೀಖು ಮಾರ್ಚ್ 29, ಮಾಲು ನಮಗೆ ಬಂದದ್ದು ಏಪ್ರಿಲ್ 2. ಅವರು ಬಿಲ್ ತೋರಿಸಿದ್ದು ನಿಜ ಅಂತ ಮಾರ್ಚ್ ತಿಂಗಳ GSTR-2B ನೋಡಿದರೆ ಗೊತ್ತಾಯಿತು. ಕೆಲಸ ಮಾರ್ಚ್‌ನಲ್ಲೇ ಮುಗಿದಿದ್ದರಿಂದ ಖರ್ಚೂ ಮಾರ್ಚ್‌ಗೇ ಸೇರಬೇಕು. ಇಲ್ಲಿ ಎಂಟ್ರಿ ಹಾಕಬೇಕಾದವರು ನಾವು.

ಎರಡನೆಯದು 8,400 ಟಿಡಿಎಸ್. ಜಿಎಸ್‌ಟಿ ಬಿಟ್ಟು 4,20,000ಕ್ಕೆ ಶೇ. 2. ಬಿಲ್ ಬುಕ್ ಮಾಡುವಾಗಲೇ ನಾವು ಹಿಡಿದಿರುತ್ತೇವೆ. ಅವರು ಮಾತ್ರ 26ASನಲ್ಲಿ ಕಾಣುವವರೆಗೆ ಕಾಯುತ್ತಾರೆ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ರಿಟರ್ನ್ ಹಾಕಲು ಮೇ 31ರವರೆಗೆ ಸಮಯ ಇರುತ್ತದೆ, ಹಾಗಾಗಿ ಏಪ್ರಿಲ್‌ನಲ್ಲಿ ಅದು ಅವರಿಗೆ ಕಾಣುವುದೇ ಇಲ್ಲ. ಬಿಲ್‌ವಾರು ಟಿಡಿಎಸ್ ಪಟ್ಟಿ ಕಳಿಸಿದರೆ ಅವರೇ ಎಂಟ್ರಿ ಹಾಕಿಕೊಳ್ಳುತ್ತಾರೆ. ಇನ್ನೊಂದು ವಿಷಯ: ಮೇಲಿನ ಬಿಲ್ ಬುಕ್ ಮಾಡಿದಾಗ ಅದಕ್ಕೂ 1,000 ಟಿಡಿಎಸ್ ಹಿಡಿಯುತ್ತೀರಿ. ಆಗ ಈ ಸಾಲು 9,400 ಆಗುತ್ತದೆ, ಗಾಬರಿ ಬೇಡ.

ಮೂರನೆಯದೇ ನಿಜವಾದ ತಲೆನೋವು. ಪೇಂಟ್ ಕಿತ್ತುಬಂದ ಪೀಸ್‌ಗಳಿಗೆ ನಾವು ಹಾಕಿದ 5,900ರ ಡೆಬಿಟ್ ನೋಟ್. ಅವರ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ನಾವು ಡೆಬಿಟ್ ನೋಟ್ ಹಾಕಿದ ಮಾತ್ರಕ್ಕೆ ಅವರ ಜಿಎಸ್‌ಟಿ ಕಡಿಮೆಯಾಗುವುದಿಲ್ಲ, ಅವರೇ ಕ್ರೆಡಿಟ್ ನೋಟ್ ಕೊಡಬೇಕು. ಅದನ್ನು ರಿಟರ್ನ್‌ನಲ್ಲಿ ತೋರಿಸಲು ಮೂಲ ಬಿಲ್‌ನ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ಅವರು ಆ ವರ್ಷದ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದೇ ಕೊನೆ. ಅವರು ಒಪ್ಪುವವರೆಗೆ ಇದನ್ನು ತಕರಾರಿನ ಸಾಲು ಅಂತಲೇ ಬರೆದಿಡಿ. ಲೆಕ್ಕ ಕೂಡಿಬರಲಿ ಅಂತ ಸುಮ್ನೆ ರೌಂಡ್ ಆಫ್‌ಗೆ ತಳ್ಳಬೇಡಿ.

ಒಟ್ಟು ಬಾಕಿ ಸರಿಹೋದರೂ ಬಿಲ್‌ವಾರು ಬಾಕಿ ಬೇರೆ ಇರಬಹುದು. ತಕರಾರಿನ ಬಿಲ್ ಬಿಟ್ಟು ಮುಂದಿನದಕ್ಕೆ ನೀವು ದುಡ್ಡು ಕೊಟ್ಟಿರುತ್ತೀರಿ, ಅವರು ಅದನ್ನು ಹಳೇ ಬಿಲ್‌ಗೆ ಹೊಂದಿಸಿರುತ್ತಾರೆ. ಟ್ಯಾಲಿಯಲ್ಲಿ On Account ಅಂತ ಬಿಟ್ಟ ಪೇಮೆಂಟ್‌ಗಳನ್ನು Agst Refಗೆ ಬದಲಾಯಿಸಿ, ಯಾವ ಬಿಲ್‌ಗೆ ಎಷ್ಟು ಅಂತ ಅವರಿಗೆ ಮೇಲ್ ಮಾಡಿ. ಜೊತೆಗೆ ಈ ಮೂರು ಸಾಲುಗಳ ಪಟ್ಟಿಯನ್ನೂ ಕಳಿಸಿ, ಅವರ ಸಹಿ ಮತ್ತು ಸೀಲ್ ಹಾಕಿಸಿಕೊಳ್ಳಿ.