ಶಾರ್ಟೆಸ್ಟ್ ಪಾತ್‌ಗೆ ಡಿಎಫ್‌ಎಸ್ ಯಾಕೆ ಬೇಡ?

> "ಅಸೈನ್‌ಮೆಂಟ್‌ನಲ್ಲಿ ಎಡ್ಜ್‌ಗಳಿಗೆ ತೂಕ ಇಲ್ಲ. ಡಿಎಫ್‌ಎಸ್ ಬರೆದೆ, ಕೆಲವು ಟೆಸ್ಟ್ ಪಾಸ್, ಕೆಲವು ಫೇಲ್. ಬಿಎಫ್‌ಎಸ್ಸೇ ಬೇಕಾ?"

ಹೌದು, ಬಿಎಫ್‌ಎಸ್ಸೇ ಬೇಕು. ಕೆಲವು ಟೆಸ್ಟ್ ಪಾಸಾಗಿದ್ದು ಅದೃಷ್ಟ ಅಷ್ಟೆ.

ನಾಲ್ಕು ನೋಡ್‌ಗಳ ಒಂದು ಗ್ರಾಫ್ ಬರೆದುಕೊಳ್ಳಿ. ಎಡ್ಜ್‌ಗಳು 1-2, 2-3, 3-4, 1-4. ನೋಡ್ 1ರ ಪಟ್ಟಿಯಲ್ಲಿ 2 ಮೊದಲಿದ್ದರೆ ಡಿಎಫ್‌ಎಸ್ 1, 2, 3, 4 ಎಂದು ಒಂದೇ ಉಸಿರಿಗೆ ಓಡುತ್ತದೆ. 4ರ ದೂರ 3 ಎಂದು ದಾಖಲಾಗುತ್ತದೆ. ವಾಪಸ್ 1ಕ್ಕೆ ಬಂದಾಗ 1-4 ಎಡ್ಜ್ ಕಣ್ಣೆದುರೇ ಇರುತ್ತದೆ, ಆದರೆ 4 ಆಗಲೇ ವಿಸಿಟ್ ಆಗಿದೆಯಲ್ವಾ, ಹಾಗಾಗಿ ಬಿಟ್ಟುಬಿಡುತ್ತದೆ. ಪಟ್ಟಿಯಲ್ಲಿ 4 ಮೊದಲಿದ್ದರೆ ಅದರ ದೂರ ಸರಿಯಾಗಿ 1 ಬರುತ್ತದೆ, ಆದರೆ ಈಗ 2ರ ದೂರ 3 ಆಗುತ್ತದೆ! ಪಟ್ಟಿಯ ಕ್ರಮ ತಿರುಗಿಸಿದರೆ ದೂರವೇ ಬದಲಾಗುತ್ತಿದೆ ಎಂದರೆ ರೋಗ ಇದೇ.

ವಿಸಿಟೆಡ್ ಗುರುತು ಅಳಿಸಿ ಎಲ್ಲ ದಾರಿಗಳನ್ನೂ ಡಿಎಫ್‌ಎಸ್‌ನಲ್ಲೇ ಹುಡುಕಬಹುದು. ಉತ್ತರ ಸರಿ ಬರುತ್ತದೆ, ಆದರೆ ಗ್ರಾಫ್ ಸ್ವಲ್ಪ ದೊಡ್ಡದಾದರೂ ದಾರಿಗಳ ಸಂಖ್ಯೆ ವಿಪರೀತ ಬೆಳೆದು ಟೈಮ್‌ಔಟ್ ಆಗುತ್ತದೆ.

ಬಿಎಫ್‌ಎಸ್ ದೂರ 1ರ ನೋಡ್‌ಗಳನ್ನೆಲ್ಲ ಮುಗಿಸಿಯೇ ದೂರ 2ಕ್ಕೆ ಹೋಗುತ್ತದೆ. ಹಾಗಾಗಿ ಒಂದು ನೋಡ್ ಮೊದಲ ಸಲ ಸಿಕ್ಕಾಗಲೇ ಅದರ ದೂರ ಖಾತ್ರಿ.

```
for v in adj[u]:
    if v not in dist:
        dist[v] = dist[u] + 1
        q.append(v)
```

ಗುರುತು ಹಾಕುವುದು ಕ್ಯೂಗೆ ಸೇರಿಸುವಾಗಲೇ. ತೆಗೆಯುವಾಗ ಹಾಕಿದರೆ ಒಂದೇ ನೋಡ್ ಸುಮ್ನೆ ಹಲವು ಸಲ ಕ್ಯೂ ಸೇರುತ್ತದೆ. `q` ಗೆ `deque` ಬಳಸಿ, `popleft()` ಮಾಡಿ. ಅಭ್ಯಾಸಬಲದಿಂದ `pop()` ಎಂದು ಬರೆದರೆ ಕ್ಯೂ ಸ್ಟ್ಯಾಕ್ ಆಗಿ, ದೂರಗಳು ಮತ್ತೆ ತಪ್ಪಬಹುದು.

ಮುಂದಿನ ಭಾಗದಲ್ಲಿ ಎಡ್ಜ್‌ಗಳಿಗೆ ಬೇರೆ ಬೇರೆ ತೂಕ ಕೊಟ್ಟಿದ್ದರೆ ಇದೂ ಸಾಲದು. ತೂಕ ಋಣಾತ್ಮಕ ಅಲ್ಲದಿದ್ದರೆ ಡೈಕ್‌ಸ್ಟ್ರಾ ಬಳಸಿ.